ಕೆಲಸ ಹೋಯಿತು ಸರಿ, ಹುದ್ದೆ ಎಲ್ಲಿ ಹೋಯಿತು?

ಪ್ರಶ್ನೆ: ಸರ್, ಪಿಯುಸಿಯಲ್ಲಿ ನಿರುದ್ಯೋಗದ ಮೂರು ಬಗೆ ಅಂತ ಬಾಯಿಪಾಠ ಮಾಡಿದ್ದೆ. ಘರ್ಷಣಾತ್ಮಕ, ರಚನಾತ್ಮಕ, ಚಕ್ರೀಯ. ಈಗ ಮಗಳಿಗೆ ಹೇಳಿಕೊಡೋಕೆ ಕೂತರೆ ನನಗೇ ಅರ್ಥ ಆಗ್ತಿಲ್ಲ. ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿದ್ದರು, 2001ರಲ್ಲಿ ಕೆಲಸ ಹೋಯ್ತು. ನನಗೆ 2009ರಲ್ಲಿ ಬೆಂಗಳೂರಲ್ಲಿ ಕೆಲಸ ಹೋಗಿ, ಹತ್ತು ತಿಂಗಳಾದ ಮೇಲೆ ಮತ್ತೆ ಸಿಕ್ತು. ಎರಡೂ ಕೆಲಸ ಹೋಗಿದ್ದೇ ಅಲ್ವಾ? ಯಾವುದು ಯಾವ ಬಗೆ ಅಂತ ಹೇಗೆ ಗುರುತಿಸೋದು?

ಉತ್ತರ:

ಪಾಠ ಮಾಡೋಕೆ ನಿಮ್ಮ ಮನೆಯ ಈ ಎರಡು ಉದಾಹರಣೆಗಳಿಗಿಂತ ಒಳ್ಳೆಯದು ನನಗೂ ಸಿಗುತ್ತಿರಲಿಲ್ಲ. ಪುಸ್ತಕ ಓದಿದವರು ಎಡವುವುದು ಒಂದೇ ಜಾಗದಲ್ಲಿ. ಕೆಲಸ ಕಳೆದುಕೊಂಡ ಮನುಷ್ಯನನ್ನು ನೋಡಿ ಬಗೆ ಹೇಳಲು ಹೋಗುತ್ತಾರೆ. ಮನುಷ್ಯನ ಕಡೆಯಿಂದ ನೋಡಿದರೆ ಮೂರೂ ಒಂದೇ. ಸಂಬಳ ಇಲ್ಲ, ಬಾಡಿಗೆ ಕಟ್ಟಬೇಕು, ನೆಂಟರು ಏನು ಮಾಡ್ಕೊಂಡಿದೀಯಾ ಅಂತ ಕೇಳುತ್ತಾರೆ. ಹಾಗಾಗಿ ಅವರನ್ನು ಸ್ವಲ್ಪ ಹೊತ್ತು ಬಿಟ್ಟು ಹುದ್ದೆಯ ಹಿಂದೆ ಹೋಗಿ. ಇವರಿಗೆ ಹೊಂದುವ ಹುದ್ದೆ ಈಗ ಎಲ್ಲಿದೆ? ಎಲ್ಲೋ ಖಾಲಿ ಇದೆಯಾ, ಸದ್ಯಕ್ಕೆ ಇಲ್ಲವಾಗಿದೆಯಾ, ಅಥವಾ ಶಾಶ್ವತವಾಗಿ ಹೋಗಿಬಿಟ್ಟಿತಾ?

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಘರ್ಷಣಾತ್ಮಕ ಅನ್ನುವ ಹೆಸರು ಕೇಳಿದರೆ ಯಾರೋ ಜಗಳ ಆಡಿದ ಹಾಗಿದೆ. ಜಗಳ ಏನೂ ಇಲ್ಲ, ಇದು ಗಾಡಿ ಚಕ್ರದ ಉಜ್ಜಾಟ ಅಷ್ಟೆ. ಎಷ್ಟು ಕೀಲೆಣ್ಣೆ ಹಾಕಿದರೂ ಸ್ವಲ್ಪ ಇದ್ದೇ ಇರುತ್ತದೆ. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ. ಟು ಲೆಟ್ ಬೋರ್ಡ್ ನೇತಾಡುವ ಮನೆಗಳೂ ಇರುತ್ತವೆ, ಅದೇ ಬೀದಿಯಲ್ಲಿ ಮನೆ ಹುಡುಕಿಕೊಂಡು ಅಲೆಯುವವರೂ ಇರುತ್ತಾರೆ. ಮನೆ ಕಡಿಮೆ ಅಂತಲ್ಲ, ಜನ ಜಾಸ್ತಿ ಅಂತಲೂ ಅಲ್ಲ. ಒಬ್ಬರಿಗೊಬ್ಬರು ಸಿಗಬೇಕು, ನೋಡಬೇಕು, ಅಡ್ವಾನ್ಸ್ ಕುದುರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಕೆಲಸದ ಮಾರುಕಟ್ಟೆಯಲ್ಲೂ ಹಾಗೇ. ಗಂಡನಿಗೆ ಹುಬ್ಬಳ್ಳಿಗೆ ವರ್ಗ ಆಯಿತು ಅಂತ ಮೈಸೂರಿನ ಕೆಲಸ ಬಿಟ್ಟ ನರ್ಸ್ ಒಬ್ಬರನ್ನು ಅಂದುಕೊಳ್ಳಿ. ಹುಬ್ಬಳ್ಳಿಯಲ್ಲಿ ನರ್ಸ್‌ಗಳು ಬೇಕು, ಇವರಿಗೆ ಅನುಭವ ಇದೆ. ಆದರೂ ಎರಡು ಕಡೆ ಇಂಟರ್‌ವ್ಯೂ, ಒಂದು ಕಡೆ ಸಂಬಳ ಒಪ್ಪಿಗೆಯಾಗದೆ ಬಿಟ್ಟಿದ್ದು, ಎಲ್ಲ ಸೇರಿ ಐದಾರು ವಾರ ಹೋಗುತ್ತದೆ. ಆ ಐದಾರು ವಾರವೇ ಘರ್ಷಣಾತ್ಮಕ ನಿರುದ್ಯೋಗ.

ಇದು ಸೊನ್ನೆ ಆಗುವುದಿಲ್ಲ. ಸೊನ್ನೆ ಆಗಲಿ ಅಂತ ಯಾರೂ ಬಯಸುವುದೂ ಇಲ್ಲ, ಯಾಕೆಂದರೆ ಆಗ ಎಲ್ಲರೂ ಸಿಕ್ಕಿದ ಮೊದಲ ಕೆಲಸಕ್ಕೆ ಅಂಟಿಕೊಳ್ಳಬೇಕಾಗುತ್ತದೆ. ಅಮೆರಿಕದಲ್ಲಿ 2019ರ ಕೊನೆಯಲ್ಲಿ ನಿರುದ್ಯೋಗ 3.5 ಶೇಕಡಾಕ್ಕೆ ಇಳಿದಿತ್ತು, ಐವತ್ತು ವರ್ಷಗಳಲ್ಲೇ ಅತಿ ಕಡಿಮೆ. ಆಗಲೂ ಅಲ್ಲಿ ಅರ್ಧ ಕೋಟಿಗಿಂತ ಹೆಚ್ಚು ಜನ ಕೆಲಸ ಹುಡುಕುತ್ತಿದ್ದರು, ಖಾಲಿ ಹುದ್ದೆಗಳು ಅದಕ್ಕಿಂತ ಜಾಸ್ತಿ ಇದ್ದವು.

ಈಗ ನಿಮ್ಮ ತಂದೆಯವರ ವಿಷಯಕ್ಕೆ ಬರೋಣ.

ಕೆಜಿಎಫ್ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28ಕ್ಕೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಅಗೆಯಲು ಶುರು ಮಾಡಿದ ಗಣಿ, 120 ವರ್ಷ ನಡೆಯಿತು. ಶಿವನಸಮುದ್ರದ ಕರೆಂಟು 1902ರಲ್ಲಿ ಬಂದಿದ್ದೇ ಈ ಗಣಿಗಾಗಿ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ವರ್ಷಗಳಲ್ಲಿ ಒಂದು ಟನ್ ಅದಿರಿಗೆ ನಲವತ್ತು ಗ್ರಾಂಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಕೊನೆಕೊನೆಗೆ ಅದು ಮೂರು ಗ್ರಾಂ ಆಸುಪಾಸಿಗೆ ಬಂದಿತ್ತು. ಆ ಮೂರು ಗ್ರಾಂ ಕೂಡ ಸುಮ್ನೆ ಸಿಗುತ್ತಿರಲಿಲ್ಲ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿತ್ತು, ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ತಂಪು ಗಾಳಿ ಒಳಗೆ ನೂಕಬೇಕು, ನೀರು ಹೊರಗೆ ಎತ್ತಬೇಕು, ಜನರನ್ನು ಇಳಿಸಿ ಹತ್ತಿಸಬೇಕು. ಸಿಗುವ ಚಿನ್ನಕ್ಕಿಂತ ತೆಗೆಯುವ ಖರ್ಚು ಜಾಸ್ತಿ ಆಗಿ ಎಷ್ಟೋ ವರ್ಷವಾಗಿತ್ತು.

ಇಲ್ಲಿ ಹುದ್ದೆ ಎಲ್ಲಿ ಹೋಯಿತು? ಅದು ನಿಂತಿದ್ದ ನೆಲವೇ ಹೋಯಿತು. ಆದರೆ ಅದೇ ವರ್ಷಗಳಲ್ಲಿ ನೂರು ಕಿಲೋಮೀಟರ್ ಆಚೆ ಬೆಂಗಳೂರು ಉಬ್ಬುತ್ತಿತ್ತು. ಅಲ್ಲಿ ಕೆಲಸ ಇತ್ತು, ದಿನಕ್ಕೊಂದು ಹೊಸ ಆಫೀಸು ಏಳುತ್ತಿತ್ತು. ಕೆಲಸ ಬೇಕಾದವರು ಇದ್ದಾರೆ, ಕೆಲಸವೂ ಇದೆ, ಆದರೂ ಎರಡಕ್ಕೆ ಗಂಟು ಬೀಳುವುದಿಲ್ಲ. ಇದು ರಚನಾತ್ಮಕ ನಿರುದ್ಯೋಗ. ಮೇಲಿನ ನರ್ಸ್‌ಗೆ ಐದಾರು ವಾರ ಸಾಕಾಯಿತು. ಇಲ್ಲಿ ಐದು ವರ್ಷ ಕಾದರೂ ತಾನಾಗಿ ಏನೂ ಆಗುವುದಿಲ್ಲ.

ಗಂಟು ಯಾಕೆ ಬೀಳುವುದಿಲ್ಲ ಅನ್ನುವುದನ್ನು ನಾನು ಪುಸ್ತಕಕ್ಕಿಂತ ಚೆನ್ನಾಗಿ ಕಲಿತದ್ದು ರೈಲಿನಲ್ಲಿ. ಗಣಿ ಮುಚ್ಚಿದ ಕೆಲವು ವರ್ಷಗಳ ನಂತರ ಒಂದು ಅಧ್ಯಯನಕ್ಕಾಗಿ ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ಗಾಡಿಯಲ್ಲಿ ಬೆಂಗಳೂರಿಗೆ ಓಡಾಡಿದ್ದೆ. ಇನ್ನೂ ಕತ್ತಲಿರುವಾಗಲೇ ಬೋಗಿ ತುಂಬಿರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಒಬ್ಬರು ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದವರು. ಅಂದರೆ ಕೇಜನ್ನು ಶಾಫ್ಟ್ ಒಳಗೆ ಇಳಿಸುವ, ಹತ್ತಿಸುವ ಯಂತ್ರ ಓಡಿಸುವವರು. ಕೆಳಗಿನಿಂದ ಬರುವ ಗಂಟೆ ಎಷ್ಟು ಸಲ ಹೊಡೆಯಿತು ಅಂತ ಕೇಳಿ, ಕೇಜಿನಲ್ಲಿ ಇರುವುದು ಮನುಷ್ಯರೋ ಅದಿರೋ ಅಂತ ತಿಳಿದು, ಕಣ್ಣಿಗೆ ಕಾಣದ ಆಳದಲ್ಲಿ ಸರಿಯಾದ ಮಟ್ಟಕ್ಕೆ ತಂದು ನಿಲ್ಲಿಸಬೇಕು. ಒಂದು ಸಲ ತಪ್ಪಿದರೆ ಎಷ್ಟು ಜನ ಅಂತ ಹೇಳೋಕಾಗಲ್ಲ. ಅವರು ಪ್ಲಾಸ್ಟಿಕ್ ಕವರಿನಿಂದ ಸರ್ಟಿಫಿಕೇಟ್ ತೆಗೆದು ತೋರಿಸಿದರು. ಮಡಿಕೆಯಲ್ಲಿ ಹರಿದಿತ್ತು, ಟೇಪ್ ಅಂಟಿಸಿದ್ದರು. ಗಣಿ ಸುರಕ್ಷತೆಯ ಕಾನೂನಿನಡಿ ಪರೀಕ್ಷೆ ಬರೆದು ಪಡೆದದ್ದು. ಬ್ಲಾಸ್ಟರ್‌ಗೂ ಮೈನಿಂಗ್ ಮೇಟ್‌ಗೂ ಹೀಗೇ ಬೇರೆ ಬೇರೆ ಸರ್ಟಿಫಿಕೇಟ್ ಇರುತ್ತವೆ. ಬೆಂಗಳೂರಿನಲ್ಲಿ ಅದನ್ನು ಯಾರಿಗೆ ತೋರಿಸಿದ್ದೀರಿ ಅಂತ ಕೇಳಿದೆ. ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಆಪರೇಟರ್ ಕೆಲಸಕ್ಕೆ ತೋರಿಸಿದ್ದರಂತೆ. ಈಗಿನ ಲಿಫ್ಟಿಗೆ ಆಪರೇಟರ್ ಬೇಡ, ವಾಚ್‌ಮನ್ ಬೇಕಾದರೆ ಆಗಬಹುದು ಅಂದರಂತೆ. ಅವರು ನಕ್ಕರು, ನನಗೆ ನಗಲು ಆಗಲಿಲ್ಲ.

ಕೌಶಲ ಒಂದು ಕಡೆಯಾದರೆ ಜಾಗ ಇನ್ನೊಂದು ಕಡೆ. ಕರ್ನಾಟಕದಲ್ಲೇ ರಾಯಚೂರಿನ ಹಟ್ಟಿಯಲ್ಲಿ ಚಿನ್ನದ ಗಣಿ ಆಗಲೂ ನಡೆಯುತ್ತಿತ್ತು, ಈಗಲೂ ನಡೆಯುತ್ತಿದೆ. ಅಲ್ಲಿ ಈ ಸರ್ಟಿಫಿಕೇಟಿಗೆ ಬೆಲೆ ಇದೆ. ಆದರೆ ಒಂದು ಗಣಿಯಿಂದ ಒಂದೇ ದಿನ ಹೊರಬಿದ್ದ ಸಾವಿರಾರು ಜನರನ್ನು ಇನ್ನೊಂದು ಗಣಿ ಹೇಗೆ ನುಂಗುತ್ತದೆ? ಜೊತೆಗೆ ಲೈನ್ಸ್‌ನಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಕಂಪನಿ ಮನೆ ಇತ್ತು. ಬಾಕಿ ಹಣ ಬರಬೇಕಿತ್ತು. ಬಿಟ್ಟು ಹೋದರೆ ಮನೆಯೂ ಹೋಗುತ್ತದೆ ಅನ್ನುವ ಭಯ ಇತ್ತು. ಹಾಗಾಗಿ ಮನೆ ಅಲ್ಲೇ, ಕೆಲಸ ಬೆಂಗಳೂರಲ್ಲಿ, ನಡುವೆ ರೈಲು. ಜಾಗದ ಸಮಸ್ಯೆಯನ್ನು ಆ ರೈಲು ಅರ್ಧ ಬಗೆಹರಿಸಿತು. ಕೌಶಲದ ಸಮಸ್ಯೆ ಯಾವ ರೈಲಿಗೂ ಹತ್ತುವಂಥದ್ದಲ್ಲ.

ಇದನ್ನೆಲ್ಲ ಓದಿ ನಿಮಗೆ ಒಂದು ಅನುಮಾನ ಬರಬೇಕು, ಬರದಿದ್ದರೆ ನಾನೇ ತರುತ್ತೇನೆ. 2001ರಲ್ಲಿ ಚಿನ್ನದ ಬೆಲೆ ಪಾತಾಳಕ್ಕೆ ಬಿದ್ದಿತ್ತು, ಔನ್ಸ್‌ಗೆ ಸುಮಾರು 270 ಡಾಲರ್. ಹಾಗಾದರೆ ಇದು ಬೆಲೆ ಬಿದ್ದ ಕಾಲದ ಕಥೆ ಯಾಕಾಗಬಾರದು? ಬೆಲೆ ಏರಿದ ಮೇಲೆ ಕೆಲಸ ವಾಪಸ್ ಬರಬೇಕಿತ್ತಲ್ವಾ? ಬೆಲೆ ಏರಿತು. 2011ರಲ್ಲಿ 1,900 ಡಾಲರ್ ಮುಟ್ಟಿತು, ಹತ್ತು ವರ್ಷದಲ್ಲಿ ಏಳು ಪಟ್ಟು. ಗಣಿ ತೆರೆಯಲಿಲ್ಲ. ಪಂಪ್ ನಿಲ್ಲಿಸಿದ ಮೇಲೆ ಸುರಂಗಗಳಿಗೆ ನೀರು ನುಗ್ಗಿತ್ತು. ಮೇಲಿರುವ ಸೈನೈಡ್ ದಿಬ್ಬಗಳಿಂದ, ಅಂದರೆ ಚಿನ್ನ ತೆಗೆದು ಸುರಿದ ಮಣ್ಣಿನ ರಾಶಿಗಳಿಂದ, ಉಳಿದ ಚಿನ್ನ ತೆಗೆಯುವ ಮಾತು ಆಗಾಗ ಬರುತ್ತದೆ. ಅದಕ್ಕೆ ಬೇಕಾಗುವವರು ಮಣ್ಣು ಎತ್ತುವ ಯಂತ್ರ ಓಡಿಸುವವರು, ಕೆಮಿಸ್ಟ್‌ಗಳು. ಕೇಜ್ ಓಡಿಸುವವರು ಬೇಕಿಲ್ಲ. ಬೇಡಿಕೆ ವಾಪಸ್ ಬಂದರೂ ಹುದ್ದೆ ವಾಪಸ್ ಬರಲಿಲ್ಲ. ರಚನಾತ್ಮಕ ಅಂತ ಗುರುತಿಸಲು ನಾನು ನಂಬುವ ಪರೀಕ್ಷೆ ಇದೇ.

ನಿಮ್ಮ ಸ್ವಂತ ಕಥೆಗೆ ಅದೇ ಪರೀಕ್ಷೆ ಹಾಕಿ ನೋಡಿ. 2008ರ ಸೆಪ್ಟೆಂಬರ್ 15ಕ್ಕೆ ನ್ಯೂಯಾರ್ಕಿನಲ್ಲಿ ಲೀಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕ್ ದಿವಾಳಿ ಎದ್ದಿತು. ಅಮೆರಿಕ, ಯುರೋಪಿನ ಜನ ಖರ್ಚಿಗೆ ಕೈ ಬಿಗಿ ಹಿಡಿದರು. ಅಲ್ಲಿಂದ ಬರುವ ಆರ್ಡರ್ ನಂಬಿಕೊಂಡಿದ್ದ ನಮ್ಮ ಸಾಫ್ಟ್‌ವೇರ್, ಗಾರ್ಮೆಂಟ್ಸ್, ಸೂರತ್ತಿನ ವಜ್ರ ಪಾಲಿಶ್, ಎಲ್ಲಕ್ಕೂ ಒಟ್ಟಿಗೆ ಏಟು ಬಿತ್ತು. ಕೇಂದ್ರದ ಲೇಬರ್ ಬ್ಯೂರೋ ಆಗ ಕೆಲವು ಮುಖ್ಯ ಉದ್ಯಮಗಳಲ್ಲಿ ಸರ್ವೆ ಮಾಡಿ, 2008ರ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೇ ಸುಮಾರು ಐದು ಲಕ್ಷ ಕೆಲಸ ಹೋಗಿದೆ ಅಂದಿತು. ಕ್ಯಾಂಪಸ್‌ನಲ್ಲಿ ಆಫರ್ ಲೆಟರ್ ಪಡೆದ ಹುಡುಗರಿಗೆ ಸೇರುವ ದಿನ ಮುಂದೆ ಹೋಗುತ್ತಲೇ ಇತ್ತು.

ಇಲ್ಲಿ ಗಮನಿಸಬೇಕಾದ್ದು, ನಿಮಗೆ ಗೊತ್ತಿದ್ದ ಕೆಲಸ ಹಳೆಯದಾಗಿರಲಿಲ್ಲ. ನಿಮ್ಮಲ್ಲಿ ಏನೂ ಕೊರತೆ ಇರಲಿಲ್ಲ. ಗಿರಾಕಿ ದುಡ್ಡು ಬಿಚ್ಚುತ್ತಿರಲಿಲ್ಲ, ಅಷ್ಟೆ. ಖರ್ಚು ಕಡಿಮೆ ಆದಾಗ ಕೆಲಸ ಕಡಿಮೆ ಆಗುತ್ತದೆ. ಕೆಲಸ ಹೋದವರು ತಾವೂ ಖರ್ಚು ಕಡಿಮೆ ಮಾಡುತ್ತಾರೆ. ಆಗ ಹೋಟೆಲಿನವನಿಗೂ ಆಟೋದವನಿಗೂ ಗಿರಾಕಿ ಕಡಿಮೆ. ಹೀಗೆ ಏಟು ಹರಡುತ್ತಾ ಹೋಗುವುದೇ ಚಕ್ರೀಯ ನಿರುದ್ಯೋಗದ ಲಕ್ಷಣ. ಇದಕ್ಕೆ ಮದ್ದು ಕೂಡ ಖರ್ಚಿನ ಕಡೆಯಿಂದಲೇ ಬರಬೇಕು. ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 9 ಶೇಕಡಾದಿಂದ 2009ರ ಏಪ್ರಿಲ್ ಹೊತ್ತಿಗೆ 4.75ಕ್ಕೆ ಇಳಿಸಿತು. ಕೇಂದ್ರ ಸರ್ಕಾರ 2008ರ ಡಿಸೆಂಬರ್‌ನಲ್ಲಿ ಅಬಕಾರಿ ಸುಂಕವನ್ನು ನಾಲ್ಕು ಶೇಕಡಾ ಅಂಶ ಇಳಿಸಿತು. ಸಾಲ ಅಗ್ಗವಾಗಲಿ, ಸಾಮಾನು ಅಗ್ಗವಾಗಲಿ, ಜನ ಮತ್ತೆ ಕೊಳ್ಳಲಿ ಅಂತ. ಹೊರದೇಶದ ಆರ್ಡರ್ ನಿಧಾನಕ್ಕೆ ಮರಳಿತು. ಹತ್ತು ತಿಂಗಳಾದ ಮೇಲೆ ನಿಮಗೆ ಸಿಕ್ಕಿದ್ದು ಹೆಚ್ಚುಕಡಿಮೆ ಮೊದಲಿನ ಥರದ್ದೇ ಕೆಲಸ ಅಂದುಕೊಳ್ಳುತ್ತೇನೆ. ಬೇಡಿಕೆ ಬಂತು, ಹುದ್ದೆಯೂ ಬಂತು.

ಅದೇ ರೆಪೊ ದರವನ್ನು ಸೊನ್ನೆಗೆ ಇಳಿಸಿದ್ದರೂ ಚಾಂಪಿಯನ್ ರೀಫಿನ ಬಂಡೆಯಲ್ಲಿ ಒಂದು ಗ್ರಾಂ ಚಿನ್ನ ಹೆಚ್ಚಾಗುತ್ತಿರಲಿಲ್ಲ. ಮೂರು ಬಗೆಯನ್ನು ಬೇರೆ ಮಾಡುವ ಗೋಜು ಯಾಕೆ ಅಂತ ಮಗಳು ಕೇಳಿದರೆ ಇದನ್ನು ಹೇಳಿ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಆದರೆ ಇದೆಲ್ಲ ಹದಿನೈದು ವರ್ಷ ಕಳೆದ ಮೇಲೆ ತಿರುಗಿ ನೋಡಿ ಹೇಳುವ ಮಾತು. ಏಟು ಬಿದ್ದಾಗಲೇ ಗುರುತಿಸುವುದು ಕಷ್ಟ, ದೊಡ್ಡ ದೊಡ್ಡವರೂ ತಪ್ಪಿದ್ದಾರೆ. ಅಮೆರಿಕದಲ್ಲಿ 2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ 10 ಶೇಕಡಾ ಮುಟ್ಟಿತು. ಮರುವರ್ಷವೂ ಅದು ಸರಿಯಾಗಿ ಇಳಿಯಲಿಲ್ಲ. ಆಗ ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷರಾಗಿದ್ದ ನಾರಾಯಣ ಕೊಚೆರ್ಲಕೋಟ 2010ರ ಆಗಸ್ಟಿನ ಒಂದು ಭಾಷಣದಲ್ಲಿ ಹೀಗೆ ವಾದಿಸಿದರು: ಕಂಪನಿಗಳಲ್ಲಿ ಹುದ್ದೆ ಇದೆ, ಹೊಂದುವ ಜನ ಸಿಗುತ್ತಿಲ್ಲ. ಜನ ಕೆಲಸ ಬಯಸುತ್ತಿದ್ದಾರೆ, ಹೊಂದುವ ಹುದ್ದೆ ಸಿಗುತ್ತಿಲ್ಲ. ಹೊಂದಾಣಿಕೆ ತಪ್ಪಿದ್ದನ್ನು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡ್‌ಗೆ ಸರಿಮಾಡಲು ಆಗುವುದಿಲ್ಲ. ಅಂದರೆ ಇದರ ದೊಡ್ಡ ಪಾಲು ರಚನಾತ್ಮಕ ಅಂತ. ಕೇಳಲು ನ್ಯಾಯವಾಗಿಯೇ ಇತ್ತು. ಮನೆ ಕಟ್ಟುವ ಉದ್ಯಮ ಕುಸಿದಿತ್ತು, ಬಡಗಿ ನಾಳೆ ಬೆಳಗ್ಗೆ ನರ್ಸ್ ಆಗಲು ಸಾಧ್ಯವಿಲ್ಲ. ಸಾಲದ ಮನೆ ಮಾರಲಾಗದೆ ಬೇರೆ ಊರಿಗೆ ಹೋಗುವುದೂ ಕಷ್ಟವಾಗಿತ್ತು. ನಮ್ಮ ಲೈನ್ಸ್ ಮನೆಗಳ ಕಥೆಯೇ ಬೇರೆ ವೇಷದಲ್ಲಿ.

ಹಾಗಾದರೆ ಅವರು ಎಡವಿದ್ದು ಎಲ್ಲಿ? ಖಾಲಿ ಹುದ್ದೆಗಳ ಲೆಕ್ಕದಲ್ಲಿ. ಅಮೆರಿಕದಲ್ಲಿ ಪ್ರತಿ ತಿಂಗಳು ನಿರುದ್ಯೋಗಿಗಳನ್ನು ಎಣಿಸುವ ಹಾಗೆ ಖಾಲಿ ಹುದ್ದೆಗಳನ್ನೂ ಎಣಿಸುತ್ತಾರೆ. 2009ರ ಮಧ್ಯದಲ್ಲಿ ಒಂದು ಖಾಲಿ ಹುದ್ದೆಗೆ ಆರಕ್ಕೂ ಹೆಚ್ಚು ಜನ ಕೆಲಸವಿಲ್ಲದವರಿದ್ದರು. ಇದು ಕುರ್ಚಿ ಆಟದ ಲೆಕ್ಕ. ಆರು ಜನರಿಗೆ ಒಂದೇ ಕುರ್ಚಿ ಇದ್ದರೆ, ಆರೂ ಜನರಿಗೆ ಎಲ್ಲ ಕೌಶಲ ಕಲಿಸಿದರೂ ಐವರು ನಿಂತೇ ಇರುತ್ತಾರೆ. ಹೊಂದಾಣಿಕೆಯೇ ಮುಖ್ಯ ಸಮಸ್ಯೆ ಆಗಿದ್ದರೆ ಕೆಲವು ಕಡೆಯಾದರೂ ಕುರ್ಚಿಗಳು ಖಾಲಿ ಬಿದ್ದಿರಬೇಕಿತ್ತು. ಅಂಥ ಕಡೆ ಸಂಬಳ ಸರಸರ ಏರಬೇಕಿತ್ತು. ಹಾಗೇನೂ ಆಗಲಿಲ್ಲ, ಬಡಗಿ, ಗುಮಾಸ್ತ, ಮೇಷ್ಟ್ರು, ಎಲ್ಲ ಕಸುಬಿನವರ ನಿರುದ್ಯೋಗವೂ ಒಟ್ಟಿಗೆ ಏರಿತ್ತು. ಕೊಚೆರ್ಲಕೋಟ ಅವರೇ 2012ರ ಸೆಪ್ಟೆಂಬರ್ ಹೊತ್ತಿಗೆ ನಿಲುವು ಬದಲಿಸಿ, ನಿರುದ್ಯೋಗ 5.5 ಶೇಕಡಾಕ್ಕೆ ಇಳಿಯುವ ತನಕ ಬಡ್ಡಿ ಕೆಳಗೇ ಇರಲಿ ಅಂದರು. ಹಾಗೆ ಬಹಿರಂಗವಾಗಿ ಮಾತು ತಿದ್ದಿಕೊಳ್ಳುವ ಅರ್ಥಶಾಸ್ತ್ರಜ್ಞರು ಕಡಿಮೆ, ಅದಕ್ಕೇ ನನಗೆ ಅವರ ಮೇಲೆ ಗೌರವ. ಮುಂದೆ ನಿರುದ್ಯೋಗ 2015ರಲ್ಲಿ 5ಕ್ಕೆ, 2019ರಲ್ಲಿ 3.5ಕ್ಕೆ ಇಳಿಯಿತು. ಕೌಶಲವೇ ಇಲ್ಲ ಅಂದಿದ್ದವರಲ್ಲಿ ಬಹಳಷ್ಟು ಜನ ಅದೇ ಕೌಶಲದಿಂದ ಕೆಲಸ ಮಾಡುತ್ತಿದ್ದರು.

ಪತ್ರಿಕೆಯಲ್ಲಿ ಕೆಲಸ ಕಡಿತದ ಸುದ್ದಿ ಓದುವಾಗ ನಾನು ನೋಡುವುದೂ ಇದನ್ನೇ. ಏಟು ಒಂದೇ ಕಸುಬಿಗೆ, ಒಂದೇ ಊರಿಗೆ ಬಿದ್ದಿದೆಯಾ, ಅಥವಾ ಒಂದಕ್ಕೊಂದು ಸಂಬಂಧವಿಲ್ಲದ ಎಲ್ಲ ಕಡೆ ಒಟ್ಟಿಗೆ ಬಿದ್ದಿದೆಯಾ? ಖಾಲಿ ಹುದ್ದೆಗಳು ಹಾಗೇ ಇವೆಯಾ, ಅವೂ ಬತ್ತಿವೆಯಾ? ಜನ ವಾರಗಟ್ಟಲೆ ಕಾಯುತ್ತಿದ್ದಾರಾ, ವರ್ಷಗಟ್ಟಲೆಯಾ? ಮೂರಕ್ಕೂ ಉತ್ತರ ಸಿಕ್ಕಿದರೆ ಬಗೆ ಬಹುತೇಕ ಗೊತ್ತಾಗುತ್ತದೆ.

ಬಹುತೇಕ ಅಂದೆ, ಯಾಕೆಂದರೆ ಒಂದು ಇನ್ನೊಂದಾಗಿ ತಿರುಗುತ್ತದೆ. ನಿಮ್ಮ ಹತ್ತು ತಿಂಗಳನ್ನೇ ನೋಡಿ. ಮೊದಲ ಏಳೆಂಟು ತಿಂಗಳು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಯ ಒಂದೆರಡು ತಿಂಗಳು ಕಂಪನಿಗಳು ಮತ್ತೆ ಕರೆಯಲು ಶುರು ಮಾಡಿದ್ದವು, ಆದರೆ ಇಂಟರ್‌ವ್ಯೂ, ಸಂಬಳದ ಮಾತುಕತೆ ಅಂತ ನೀವು ಇನ್ನೂ ಮನೆಯಲ್ಲೇ ಇದ್ದಿರಿ. ಆ ಕೊನೆಯ ತುಂಡು ಆ ನರ್ಸ್‌ನ ಐದು ವಾರಕ್ಕೆ ಸಮ. ಅದೇ ಹತ್ತು ತಿಂಗಳು ಮೂರು ವರ್ಷ ಆಗಿದ್ದರೆ? ಕೈಯಲ್ಲಿದ್ದ ಕೆಲಸ ಮರೆಯುತ್ತದೆ, ಸಾಫ್ಟ್‌ವೇರಿನಲ್ಲಂತೂ ಹೊಸದು ಬಂದಿರುತ್ತದೆ. ಬಯೋಡೇಟಾದಲ್ಲಿ ಮೂರು ವರ್ಷದ ತೂತು ನೋಡಿ ಕರೆಯುವವರೂ ಹಿಂಜರಿಯುತ್ತಾರೆ. ಚಕ್ರೀಯವಾಗಿ ಶುರುವಾದದ್ದು ರಚನಾತ್ಮಕವಾಗಿ ಗಟ್ಟಿಯಾಗುವುದು ಹೀಗೆ. ಮಂದಗತಿಯಲ್ಲಿ ಸರ್ಕಾರ ತಡಮಾಡಬಾರದು ಅಂತ ನಾವು ಹಟ ಹಿಡಿಯುವುದು ಇದೇ ಭಯಕ್ಕೆ.

ಇನ್ನೊಂದು ತೊಡಕಿದೆ, ನಮ್ಮ ದೇಶದ್ದು. ನಮ್ಮ ಸರ್ವೆಗಳ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆ ಕೆಲಸ ಮಾಡಿದ್ದರೂ ನೀವು ಉದ್ಯೋಗಿ. ನಿರುದ್ಯೋಗಿ ಅನ್ನಿಸಿಕೊಳ್ಳಲು ಆ ಒಂದು ಗಂಟೆಯೂ ಕೆಲಸ ಇರಬಾರದು, ಕೆಲಸ ಹುಡುಕುತ್ತಲೋ ಸಿಕ್ಕಿದರೆ ಮಾಡಲು ತಯಾರಾಗಿಯೋ ಇರಬೇಕು. ಕೈಯಲ್ಲಿ ಉಳಿತಾಯ ಇದ್ದವರು, ಮನೆಯಲ್ಲಿ ಇನ್ನೊಬ್ಬರ ಸಂಬಳ ಇದ್ದವರು ಹಾಗೆ ಕಾಯಬಹುದು. 2009ರಲ್ಲಿ ನೀವು ಕಾದಿರಿ, ಆದ್ದರಿಂದ ಲೆಕ್ಕಕ್ಕೆ ಸಿಗುತ್ತೀರಿ. ರೈಲಿನಲ್ಲಿ ಸಿಕ್ಕಿದ ಆ ವೈಂಡಿಂಗ್ ಡ್ರೈವರ್ ಕಾಯುವ ಸ್ಥಿತಿಯಲ್ಲಿ ಇರಲಿಲ್ಲ. ಕೊನೆಗೆ ಅದೇ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿ ಸೇರಿಕೊಂಡಿದ್ದರು. ವಾರಕ್ಕೆ ಆರು ದಿನ, ದಿನಕ್ಕೆ ಹನ್ನೆರಡು ಗಂಟೆ. ಸರ್ವೆಯವರು ಬಂದು ಕೇಳಿದರೆ ಫಾರಂನಲ್ಲಿ ಅವರು ಪೂರ್ತಿ ಉದ್ಯೋಗಿ.

2001ರ ಮಾರ್ಚ್ ನಂತರ ನಿಮ್ಮ ತಂದೆಯವರು ಏನು ಮಾಡಿದರು ಅಂತ ನೀವು ಬರೆದಿಲ್ಲ. ಅವರು ಒಂದೆರಡು ತಿಂಗಳಲ್ಲೇ ಏನೋ ಒಂದು ಕೂಲಿ, ಏನೋ ಒಂದು ಅಂಗಡಿ ಅಂತ ಹಿಡಿದಿದ್ದರೆ, ರಚನಾತ್ಮಕ ನಿರುದ್ಯೋಗಕ್ಕೆ ಅವರಿಗಿಂತ ಸ್ಪಷ್ಟ ಉದಾಹರಣೆ ಇಲ್ಲ ಅಂತ ನಾನು ಇಷ್ಟು ಹೊತ್ತು ಹೇಳಿದರೂ, ನಿರುದ್ಯೋಗದ ಅಂಕಿಅಂಶದಲ್ಲಿ ಅವರು ಇದ್ದದ್ದು ಆ ಒಂದೆರಡು ತಿಂಗಳು ಮಾತ್ರ.